ಬಿರುಕು ಕಂಡದ್ದು, ಕಾರಣ ಊಹಿಸಿದ್ದು

ತಡೆಗೋಡೆಯಲ್ಲಿ ಬಿರುಕು ಕಾಣಿಸಿತೆಂದರೆ ಕಾರಣ ಗೊತ್ತಿಲ್ಲ ಎನ್ನುವವರು ಆ ಬೀದಿಯಲ್ಲಿ ಒಬ್ಬರೂ ಸಿಗುವುದಿಲ್ಲ. ಹಿಂದೆ ನೀರು ನಿಂತಿದೆ ಎನ್ನುತ್ತಾರೆ ಕೆಲವರು, ಸಿಮೆಂಟು ಉಳಿಸಿದ್ದಾರೆ ಎನ್ನುತ್ತಾರೆ ಇನ್ನು ಕೆಲವರು. ಇದು ಮಾತಿನಲ್ಲೇ ಉಳಿದರೆ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಎಂಜಿನಿಯರ್ ಬರೆದ ವರದಿಯ ಮೊದಲ ಪುಟದಲ್ಲೇ ‘ಗೋಡೆಯ ಹಿಂದೆ ನೀರಿನ ಒತ್ತಡ ಹೆಚ್ಚಾಗಿ ಬಿರುಕು ಬಿಟ್ಟಿರುವುದು ಕಂಡುಬಂದಿದೆ’ ಎಂಬ ವಾಕ್ಯ ಬಂದಾಗ. ಇದರಲ್ಲಿ ಕಣ್ಣಿಗೆ ಕಂಡದ್ದು ಬಿರುಕು ಮಾತ್ರ. ಒತ್ತಡವನ್ನು ಯಾರೂ ಕಂಡಿಲ್ಲ. ಅದು ಊಹೆ. ಒಳ್ಳೆಯ ಊಹೆಯೇ ಇರಬಹುದು, ಆದರೆ ‘ಕಂಡುಬಂದಿದೆ’ ಎಂಬ ಕ್ರಿಯಾಪದ ಅದಕ್ಕೆ ಸಲ್ಲದು.

ಬಿರುಕುಬಿಟ್ಟ, ವಾಲಿದ ಅಥವಾ ಕುಸಿದ ಕಟ್ಟಡವನ್ನು ಪರಿಶೀಲಿಸಿ ಕಾರಣ ಹುಡುಕುವ ಕೆಲಸಕ್ಕೆ ಫೊರೆನ್ಸಿಕ್ ಎಂಜಿನಿಯರಿಂಗ್ ಎಂದು ಹೆಸರು. ಅಂಥ ವರದಿಯನ್ನು ಬರೆಯುವವರು ಕಂಡದ್ದಕ್ಕೆ ಒಂದು ಅಧ್ಯಾಯ, ಅಭಿಪ್ರಾಯಕ್ಕೆ ಇನ್ನೊಂದು ಅಧ್ಯಾಯ ಇಡುತ್ತಾರೆ. ಎರಡರ ನಡುವಿನ ಗೆರೆ ಅಳಿಸಿಹೋದರೆ ಏನಾಗುತ್ತದೆ ಎಂಬುದಕ್ಕೆ ಹಾಂಗ್‌ಕಾಂಗ್‌ನ ಒಂದು ಪ್ರಕರಣ ಸಾಕು.

ಹಾಂಗ್‌ಕಾಂಗ್ ದ್ವೀಪದ ಪಶ್ಚಿಮ ತುದಿಯ ಕೆನಡಿ ಟೌನ್‌ನಲ್ಲಿ ಕ್ವುನ್ ಲುಂಗ್ ಲಾವ್ ಎಂಬ ವಸತಿ ಸಮುಚ್ಚಯವಿದೆ. ಅದರ ಇಳಿಜಾರನ್ನು ಹಳೆಯ ಕಾಲದ ಕಲ್ಲಿನ ತಡೆಗೋಡೆಯೊಂದು ಹಿಡಿದು ನಿಂತಿತ್ತು. ಎತ್ತರ ಸುಮಾರು 10 ಮೀಟರ್. 1994ರ ಜುಲೈ 23ರಂದು, ಭಾರಿ ಮಳೆಯ ದಿನಗಳ ನಡುವೆ, ಆ ಗೋಡೆ ಹಿಂದಿನ ಮಣ್ಣಿನ ಸಮೇತ ಕೆಳಗೆ ಬಿತ್ತು. ಐದು ಜನ ಸತ್ತರು. ಕಾರಣ ಹುಡುಕಲು ಕೆನಡಾದ ಮಣ್ಣುಶಾಸ್ತ್ರಜ್ಞ ನಾರ್ಬರ್ಟ್ ಮಾರ್ಗೆನ್‌ಸ್ಟರ್ನ್ ಅವರನ್ನು ಸರ್ಕಾರ ಕರೆಸಿತು.

ಅವರ ತನಿಖೆಯಲ್ಲಿ ಎರಡು ಸಂಗತಿ ಎದ್ದುಬಂದವು. ಮೊದಲನೆಯದು ನೀರು. ಆದರೆ ಅದು ಆಕಾಶದಿಂದ ನೇರವಾಗಿ ಬಿದ್ದು ಇಂಗಿದ ನೀರಷ್ಟೇ ಆಗಿರಲಿಲ್ಲ. ಗೋಡೆಯ ಹಿಂದೆ ನೆಲದಡಿ ಹಾದುಹೋಗಿದ್ದ ಚರಂಡಿ ಕೊಳವೆಗಳು ಸೋರಿ ಮಣ್ಣನ್ನು ತೋಯಿಸಿದ್ದವು. ಎರಡನೆಯದು ಗೋಡೆಯ ದಪ್ಪ. ಅಷ್ಟು ಎತ್ತರದ ಗೋಡೆ ಒಂದು ಮೀಟರಿಗಿಂತಲೂ ತೆಳ್ಳಗಿತ್ತು. ಈ ಗೋಡೆಯನ್ನು ಹಿಂದೆ ಯಾರೂ ನೋಡಿರಲಿಲ್ಲ ಎಂದಲ್ಲ. ನೋಡಿದ್ದರು, ಲೆಕ್ಕವನ್ನೂ ಹಾಕಿದ್ದರು. ಆ ಲೆಕ್ಕದಲ್ಲಿ ಗೋಡೆ ನಿಜಕ್ಕಿಂತ ಎಷ್ಟೋ ದಪ್ಪವೆಂದು ಹಿಡಿಯಲಾಗಿತ್ತು.

ಲೆಕ್ಕದ ಕಾಗದದ ಮೇಲೆ ಅಳೆದ ಸಂಖ್ಯೆಗೂ ಅಂದಾಜಿನ ಸಂಖ್ಯೆಗೂ ರೂಪದಲ್ಲಿ ವ್ಯತ್ಯಾಸವಿಲ್ಲ. ದಪ್ಪ ಇಷ್ಟು ಎಂದು ಒಮ್ಮೆ ಬರೆದರೆ ಮುಂದೆ ಓದುವವರಿಗೆ ಅದೇ ವಾಸ್ತವ. ಕಲ್ಲಿನ ಗೋಡೆಯ ಮುಖ ಮಾತ್ರ ಬೀದಿಗೆ ಕಾಣುತ್ತದೆ, ಬೆನ್ನು ಮಣ್ಣಿನೊಳಗಿರುತ್ತದೆ. ಕೊರೆದೋ ಅಗೆದೋ ನೋಡದ ಹೊರತು ದಪ್ಪ ಎಂಬುದು ಅಭಿಪ್ರಾಯವೇ. ಆ ದುರಂತದ ನಂತರ ಹಾಂಗ್‌ಕಾಂಗ್ ತನ್ನ ಹಳೆಯ ಇಳಿಜಾರು, ತಡೆಗೋಡೆಗಳ ಪರಿಶೀಲನೆ ಮತ್ತು ದುರಸ್ತಿಯ ಕಾರ್ಯಕ್ರಮವನ್ನು ಬಹಳ ಚುರುಕುಗೊಳಿಸಿತು.

ಅದು ಬಿದ್ದ ಗೋಡೆಯ ಕಥೆ. ಇನ್ನೂ ನಿಂತಿರುವ, ಬಿರುಕಷ್ಟೇ ಬಿಟ್ಟಿರುವ ಗೋಡೆಯ ವರದಿ ಹೇಗಿರಬೇಕು? ಅದಕ್ಕೆ ಒಂದು ಕಾಲ್ಪನಿಕ ಗೋಡೆಯನ್ನು ಕಟ್ಟಿಕೊಳ್ಳೋಣ. ಮಲೆನಾಡಿನ ಅಂಚಿನ ಯಾವುದೋ ಊರು. ಇಳಿಜಾರಿನ ಕೆಳಗೆ ಒಂದು ಅಪಾರ್ಟ್‌ಮೆಂಟ್, ಮೇಲಿನ ಜಾಗ ಇನ್ನೊಬ್ಬರದು. ನಡುವೆ ಅಪಾರ್ಟ್‌ಮೆಂಟ್ ಕಟ್ಟಿಸಿದವರೇ ಕಟ್ಟಿಸಿದ, 36 ಮೀಟರ್ ಉದ್ದ, ನಾಲ್ಕೂವರೆ ಮೀಟರ್ ಎತ್ತರದ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಗೋಡೆ. ಮೇಲಿನವರು ಎರಡು ಮಳೆಗಾಲದ ಹಿಂದೆ ಗೋಡೆಯ ಬೆನ್ನಿಗೇ ಇಂಟರ್‌ಲಾಕ್ ಕಲ್ಲು ಹಾಸಿ ಕಾರು ನಿಲ್ಲಿಸಲು ಜಾಗ ಮಾಡಿದ್ದಾರೆ. ‘ಅವರ ಕಾರುಗಳ ಭಾರಕ್ಕೇ ಗೋಡೆ ಬಿರಿಯಿತು’ ಎಂಬುದು ಕೆಳಗಿನವರ ದೂರು. ‘ನಿಮ್ಮ ಬಿಲ್ಡರ್ ಸರಿಯಾಗಿ ಕಟ್ಟಿಲ್ಲ’ ಎಂಬುದು ಮೇಲಿನವರ ಉತ್ತರ. ವರದಿ ಬರೆಯಲು ಎಂಜಿನಿಯರ್ ಬರುವುದು ಮಾರ್ಚ್ ತಿಂಗಳ ಒಣ ದಿನವೊಂದರಲ್ಲಿ.

ಆಕೆ ಮೊದಲು ಮಾಡುವ ಕೆಲಸ ಬಿರುಕಿನ ನಕ್ಷೆ. ಗೋಡೆಯ ಎಡತುದಿಯನ್ನು ಸೊನ್ನೆ ಎಂದಿಟ್ಟುಕೊಂಡು ಪ್ರತಿ ಮೀಟರಿಗೆ ಸೀಮೆಸುಣ್ಣದ ಗುರುತು ಹಾಕಿ, ಯಾವ ಬಿರುಕು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಅಳತೆಗೆ ತಕ್ಕಂತೆ ಬರೆದುಕೊಳ್ಳುವುದು. ಅಗಲ ಅಳೆಯಲು ಬೇರೆ ಬೇರೆ ದಪ್ಪದ ಗೆರೆಗಳನ್ನು ಮುದ್ರಿಸಿದ ಪಾರದರ್ಶಕ ಕಾರ್ಡು ಇರುತ್ತದೆ. ಗೋಡೆಗೆ ಹಿಡಿದು ಬಿರುಕಿಗೆ ಸರಿಹೊಂದುವ ಗೆರೆಯನ್ನು ಓದಬೇಕು, ಅಷ್ಟೇ.

ಸಿಕ್ಕಿದ್ದು ಎರಡು ಬಗೆಯ ಬಿರುಕು. ಸುಮಾರು ಮೂರು ಮೀಟರಿಗೊಂದರಂತೆ ನೇರ ಲಂಬವಾಗಿ ನಿಂತ ಕೂದಲೆಳೆಗಳು, ಅಗಲ 0.2ರಿಂದ 0.3 ಮಿಲಿಮೀಟರ್. ಇವುಗಳ ಎರಡೂ ಬದಿ ಒಂದೇ ಮಟ್ಟದಲ್ಲಿವೆ, ಬೆರಳಾಡಿಸಿದರೆ ಏರುಪೇರು ಸಿಗುವುದಿಲ್ಲ. ಎರಡನೆಯದು 24ನೇ ಮೀಟರಿನ ಬಳಿ ಓರೆಯಾಗಿ ಏರಿದ ಒಂದೇ ಬಿರುಕು. ಬುಡದಲ್ಲಿ ಅರ್ಧ ಮಿಲಿಮೀಟರ್ ಇದ್ದದ್ದು ತಲೆಯಲ್ಲಿ 6 ಮಿಲಿಮೀಟರ್ ಬಾಯಿ ತೆರೆದಿದೆ. ಅದರ ಬಲಬದಿ ಎಡಬದಿಗಿಂತ 9 ಮಿಲಿಮೀಟರ್ ಮುಂದೆ ಬಂದಿದೆ.

ಆಮೇಲೆ ತೂಗುಗುಂಡು. 6ನೇ ಮೀಟರಿನಲ್ಲಿ ಗೋಡೆಯ ತಲೆ ಬುಡಕ್ಕಿಂತ 5 ಮಿಲಿಮೀಟರ್ ಮುಂದಿದೆ. 32ನೇ ಮೀಟರಿನಲ್ಲಿ 48 ಮಿಲಿಮೀಟರ್.

ಇಲ್ಲಿ ಕೈ ತಡೆಯಬೇಕು. ‘ಗೋಡೆ 48 ಮಿಲಿಮೀಟರ್ ವಾಲಿದೆ’ ಎಂದು ಬರೆಯಲು ಯಾರಿಗಾದರೂ ಆಸೆಯಾಗುತ್ತದೆ. ಆದರೆ ವಾಲುವುದು ಎಂದರೆ ಚಲನೆ. ಮೊದಲು ನೆಟ್ಟಗಿತ್ತು, ಈಗ ಇಲ್ಲ ಎಂದು ಅರ್ಥ. ಕಟ್ಟಿ ಮುಗಿಸಿದ ದಿನ ಅದು ಎಷ್ಟು ನೆಟ್ಟಗಿತ್ತು ಎಂಬ ದಾಖಲೆ ಇಲ್ಲ. ಸೆಂಟ್ರಿಂಗ್ ಹಲಗೆ ಸರಿದು ಹುಟ್ಟಿನಿಂದಲೇ ಸೊಟ್ಟಗಿದ್ದಿರಬಹುದು. ಆದ್ದರಿಂದ ಅವಲೋಕನದ ಅಧ್ಯಾಯದಲ್ಲಿ ಆಕೆ ಬರೆಯುವುದು ‘ತಲೆ ಬುಡಕ್ಕಿಂತ 48 ಮಿಲಿಮೀಟರ್ ಮುಂದಿದೆ’ ಎಂದು. ಚಲಿಸಿದೆ ಎಂಬ ಮಾತು ಅಭಿಪ್ರಾಯದ ಅಧ್ಯಾಯಕ್ಕೆ ಹೋಗುತ್ತದೆ. ಅಲ್ಲಿ ಅದಕ್ಕೆ ಆಧಾರವಾಗಿ ಬಿರುಕಿನ 9 ಮಿಲಿಮೀಟರ್ ಏರುಪೇರು ಬರುತ್ತದೆ. ಹಲಗೆ ಸರಿದು ಸೊಟ್ಟಗಾದ ಗೋಡೆಯ ಮೇಲೆ ಬಿರುಕಿನ ಎರಡು ಅಂಚು ಹೀಗೆ ಹಿಂದುಮುಂದಾಗುವುದಿಲ್ಲ.

ನೀರು ಹೊರಬರಲು ಗೋಡೆಯಲ್ಲಿ ಬಿಟ್ಟಿರುವ ತೂತುಗಳಿಗೆ, ಅಂದರೆ ವೀಪ್ ಹೋಲ್‌ಗಳಿಗೆ, ಆಕೆ ತೆಳು ಕಂಬಿಯನ್ನು ತೂರಿಸಿ ನೋಡುತ್ತಾಳೆ. ಗೋಡೆಯ ದಪ್ಪ 400 ಮಿಲಿಮೀಟರ್. ಬಲಭಾಗದ ಎಂಟು ತೂತುಗಳ ಪೈಕಿ ಐದರಲ್ಲಿ ಕಂಬಿ 250 ಮಿಲಿಮೀಟರಿಗೇ ನಿಲ್ಲುತ್ತದೆ. ಎಡಭಾಗದಲ್ಲೂ ಹೆಚ್ಚುಕಡಿಮೆ ಅರ್ಧ ತೂತುಗಳು ಹಾಗೆಯೇ. ನಿಂತ ತೂತುಗಳ ಕೆಳಗೆ ಗೋಡೆಯ ಮೇಲೆ ನೀರಿನ ಕಲೆ ಇಲ್ಲ. ‘ಮುಚ್ಚಿಹೋಗಿವೆ’ ಎಂದೂ ಆಕೆ ಬರೆಯುವುದಿಲ್ಲ, ಏಕೆಂದರೆ ಅವು ಎಂದಾದರೂ ತೆರೆದಿದ್ದವೋ ಇಲ್ಲವೋ ಯಾರಿಗೆ ಗೊತ್ತು? ಕಾಂಕ್ರೀಟ್ ಹಾಕುವಾಗ ಕೊಳವೆ ಜಾರಿ ಗೋಡೆಯ ಹಿಂಬದಿ ಮುಟ್ಟದೇ ಇದ್ದಿರಲೂ ಸಾಕು. ಕಂಬಿ ಎಲ್ಲಿ ನಿಂತಿತು ಎಂಬುದಷ್ಟೇ ಖಚಿತ.

ಅತಿ ಹೆಚ್ಚು ಬೆಲೆಬಾಳುವ ಸಾಕ್ಷ್ಯ ಬಿರುಕಿನ ಒಳಗೇ ಇತ್ತು. ಟಾರ್ಚ್ ಹಿಡಿದು ನೋಡಿದಾಗ ಓರೆ ಬಿರುಕಿನ ಒಳಗೋಡೆಗೂ ಬಣ್ಣ ಇಳಿದಿತ್ತು. ಆ ಬಣ್ಣದ ಪೊರೆ ಮಧ್ಯದಲ್ಲಿ ಮತ್ತೆ ಹರಿದು, ಹರಿದ ಅಂಚು ಹೊಸದಾಗಿ ಬಿಳಿಯಾಗಿತ್ತು. ಬಣ್ಣ ಹೊಡೆಸಿದ ಬಿಲ್ಲು ಸಂಘದ ಕಡತದಲ್ಲಿದೆ, ಮೂರು ವರ್ಷ ಹಳೆಯದು. ಈ ಮೂರು ಸಂಗತಿಯಿಂದ ಹೊರಡುವ ತೀರ್ಮಾನ ಸರಳ: ಬಣ್ಣ ಹೊಡೆಯುವಾಗಲೇ ಬಿರುಕು ಇತ್ತು, ಆಮೇಲೂ ಅಗಲವಾಗಿದೆ. ಕಾರು ನಿಲ್ಲುವ ಜಾಗ ಬಂದದ್ದು ಬಣ್ಣದ ನಂತರ. ಹಾಗಾದರೆ ಬಿರುಕಿನ ಹುಟ್ಟಿಗೆ ಕಾರುಗಳು ಕಾರಣವಾಗಲಾರವು. ಬೆಳವಣಿಗೆಗೆ ಕೈಜೋಡಿಸಿರಬಹುದೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಅಪಾರ್ಟ್‌ಮೆಂಟಿನ ಕಾವಲುಗಾರ ‘ಹೋದ ಮಳೆಗಾಲದಲ್ಲಿ ಈ ಬಿರುಕಿನಿಂದ ಕೆಂಪು ನೀರು ಬರ್ತಿತ್ತು ಮೇಡಂ’ ಎನ್ನುತ್ತಾನೆ. ಇದನ್ನು ಬಿಡುವಂತಿಲ್ಲ, ತನ್ನ ಅವಲೋಕನ ಎಂದು ಬರೆಯುವಂತೆಯೂ ಇಲ್ಲ. ಯಾರು, ಯಾವ ದಿನ, ಏನೆಂದರು ಎಂದು ಬೇರೆಯಾಗಿ ದಾಖಲಿಸಬೇಕು. ಆಕೆ ಬಂದ ದಿನ ಬಿರುಕು ಒಣಗಿತ್ತು ಎಂಬುದೂ ಅದರ ಪಕ್ಕದಲ್ಲೇ ಇರಬೇಕು. ನೋಡಿಯೂ ಕಾಣದ ವಸ್ತುವನ್ನು ಬರೆಯದೇ ಬಿಡುವ ಅಭ್ಯಾಸ ನಮ್ಮ ಅನೇಕ ವರದಿಗಳಲ್ಲಿದೆ. ಅದು ತಪ್ಪು, ಏಕೆಂದರೆ ಇಲ್ಲದಿರುವುದೂ ಸಾಕ್ಷ್ಯ. ತುಕ್ಕಿನ ಕಲೆ ಕಾಣಲಿಲ್ಲ, ಮೇಲಿನ ನೆಲದಲ್ಲಿ ಗೋಡೆಗೆ ಸಮಾನಾಂತರವಾದ ಸೀಳು ಕಾಣಲಿಲ್ಲ ಎಂಬ ಎರಡು ಸಾಲು ಮುಂದೆ ಎರಡು ಕಾರಣಗಳನ್ನು ದುರ್ಬಲಗೊಳಿಸುತ್ತವೆ.

ಇನ್ನು ಅಭಿಪ್ರಾಯದ ಅಧ್ಯಾಯ. ಇಲ್ಲಿ ಪ್ರತಿ ಸಂಭವನೀಯ ಕಾರಣಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದೇ ಕಾರಣವಾಗಿದ್ದರೆ ಗೋಡೆಯ ಮೇಲೆ ಏನು ಕಾಣಬೇಕಿತ್ತು?

ಲಂಬ ಎಳೆಗಳ ವಿಷಯ ಬೇಗ ಮುಗಿಯುತ್ತದೆ. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ. ಮೊದಲೇ ಗಟ್ಟಿಯಾದ ತಳಪಾಯ ಅದನ್ನು ಕುಗ್ಗಲು ಬಿಡುವುದಿಲ್ಲ, ಹಾಗಾಗಿ ಹೆಚ್ಚುಕಡಿಮೆ ಸಮ ಅಂತರದಲ್ಲಿ ಗೋಡೆ ಸೀಳುತ್ತದೆ. ಭಾರತೀಯ ಮಾನಕ ಐಎಸ್ 456 ಸಾಮಾನ್ಯ ಸ್ಥಿತಿಯಲ್ಲಿ 0.3 ಮಿಲಿಮೀಟರ್ ಅಗಲದವರೆಗೂ, ಮಣ್ಣು ಅಥವಾ ತೇವಕ್ಕೆ ತಾಗುವ ಕಡೆ 0.2ರವರೆಗೂ ಒಪ್ಪುತ್ತದೆ. ಆದ್ದರಿಂದ ಅವುಗಳನ್ನು ಮುಚ್ಚುವುದು ಒಳ್ಳೆಯದು, ಹೆದರಬೇಕಿಲ್ಲ.

ಓರೆ ಬಿರುಕು ಹಾಗಲ್ಲ. ಅದನ್ನು ಓದುವ ಮೊದಲು ಇಂಥ ಗೋಡೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿರಬೇಕು. ಬುಡದಲ್ಲಿ ನೆಟ್ಟು ತಲೆಯಲ್ಲಿ ಬಿಡುವಾಗಿರುವ ಗೋಡೆಯನ್ನು ಮಣ್ಣು ಹಿಂದಿನಿಂದ ತಳ್ಳಿದಾಗ, ಎಳೆತ ಬೀಳುವುದು ಮಣ್ಣಿನ ಕಡೆಯ ಮುಖಕ್ಕೆ. ಹೊರಗೆ ಕಾಣುವ ಮುಖ ಅದುಮಿಸಿಕೊಳ್ಳುತ್ತದೆ. ಅಂದರೆ ಗೋಡೆ ಬಾಗಿ ಬಿರಿದರೆ ಆ ಅಪಾಯದ ಬಿರುಕು ಬೆನ್ನಿನಲ್ಲಿ, ಬುಡದ ಹತ್ತಿರ, ಮಣ್ಣಿನ ಮರೆಯಲ್ಲಿ ಅಡ್ಡಡ್ಡವಾಗಿ ಹುಟ್ಟುತ್ತದೆ. ಬೀದಿಯಿಂದ ನೋಡುವವರಿಗೆ ಅದು ಕಾಣುವುದೇ ಇಲ್ಲ, ತಲೆ ಮುಂದೆ ಬಂದದ್ದಷ್ಟೇ ಕಾಣುತ್ತದೆ. ಮುಂದಿನ ಮುಖದ ಫೋಟೊಗಳನ್ನಷ್ಟೇ ನೋಡಿ ಗೋಡೆ ಭದ್ರ ಎಂದು ಬರೆಯುವವರು ಈ ಮಾತನ್ನು ಮರೆತಿರುತ್ತಾರೆ.

ಕಟ್ಟುವಾಗ ಮುಖ್ಯ ಕಂಬಿಗಳನ್ನೇ ತಪ್ಪು ಮುಖಕ್ಕೆ ಕಟ್ಟಿದ್ದರೆ? ಇಂಥ ತಪ್ಪು ನಡೆಯುವುದುಂಟು. ಕಂಬಿ ಪತ್ತೆಹಚ್ಚುವ ಕವರ್ ಮೀಟರ್ ಅನ್ನು ಆಕೆ ಹೊರಮುಖದ ಮೇಲೆ ಆಡಿಸಿದಾಗ ಅಲ್ಲಿ ತೆಳು ಕಂಬಿಗಳ ಜಾಲ ಸಿಕ್ಕಿತು. ಆದರೆ ಆ ಉಪಕರಣ ಮೇಲ್ಮೈಯಿಂದ ಒಂದಿಷ್ಟು ಆಳದವರೆಗೆ ಮಾತ್ರ ಓದಬಲ್ಲದು, 400 ಮಿಲಿಮೀಟರ್ ಆಚೆಯ ಬೆನ್ನಿನ ಕಂಬಿಯನ್ನು ಅದು ಹೇಳಲಾರದು. ಆದ್ದರಿಂದ ಹಿಂಬದಿಯ ಕಂಬಿ ‘ಪರಿಶೀಲಿಸಿಲ್ಲ’. ಅದನ್ನು ‘ಸರಿಯಾಗಿದೆ’ ಎಂದು ಬದಲಿಸಿದರೆ ಹಾಂಗ್‌ಕಾಂಗ್‌ನ ಗೋಡೆಯ ದಪ್ಪದಂತೆಯೇ ಊಹೆಯೊಂದು ಅಳತೆಯ ವೇಷ ಹಾಕಿಕೊಂಡಂತೆ.

ಈಗ ಭಾರದ ಲೆಕ್ಕ. ಸಾಮಾನ್ಯ ಮರಳುಮಿಶ್ರಿತ ಒಣ ಮಣ್ಣೆಂದು ಹಿಡಿದರೆ ನಾಲ್ಕೂವರೆ ಮೀಟರ್ ಎತ್ತರದ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 6 ಟನ್ ತಳ್ಳು ಬೀಳುತ್ತದೆ. ಮೇಲೆ ಕಾರುಗಳು ಸಾಲಾಗಿ ನಿಂತರೆ, ಧಾರಾಳವಾಗಿಯೇ ಲೆಕ್ಕ ಹಿಡಿದರೂ, ಇನ್ನು ಮುಕ್ಕಾಲು ಟನ್ ಸೇರುತ್ತದೆ. ಅದೇ ಮಣ್ಣಿನಲ್ಲಿ ನೀರು ತಲೆಯವರೆಗೆ ತುಂಬಿ ನಿಂತರೆ ಒಟ್ಟು ತಳ್ಳು 13 ಟನ್ ದಾಟುತ್ತದೆ. ಕಾರಿನ ಮೇಲೆ ಹೊರಿಸಿದ ಆರೋಪಕ್ಕೂ ಕಾರಿನ ತೂಕಕ್ಕೂ ತಾಳೆಯಾಗುವುದಿಲ್ಲ. ಮೇಲಿನವರ ಜಾಗದಲ್ಲಿ ಗಮನಿಸಬೇಕಾದದ್ದು ಬೇರೆ ಇದೆ. ಹಾಸುಗಲ್ಲಿನ ನೆಲ ಗೋಡೆಯ ಬಲತುದಿಯ ಕಡೆಗೇ ಇಳಿಜಾರಾಗಿದೆ, ಅಂಚಿನಲ್ಲಿ ಚರಂಡಿ ಇಲ್ಲ.

ಹಾಗಾದರೆ ನೀರೇ ಕಾರಣ ಎಂದು ಮುಗಿಸಬಹುದಲ್ಲ? ಇನ್ನೂ ಇಲ್ಲ. ತೂತುಗಳು ಎರಡೂ ತುದಿಯಲ್ಲಿ ಒಂದೇ ರೀತಿ ನಿಂತಿವೆ, ಆದರೆ ಎಡತುದಿ ಅಲುಗಿಲ್ಲ. ಮಣ್ಣಿನ ತಳ್ಳು ತನ್ನ ಕನಿಷ್ಠ ಮಟ್ಟಕ್ಕೆ ಇಳಿಯಲು ಗೋಡೆ ಸ್ವಲ್ಪ ಮುಂದೆ ಸರಿಯಲೇಬೇಕು. ಇಷ್ಟೆತ್ತರಕ್ಕೆ 5ರಿಂದ 20 ಮಿಲಿಮೀಟರ್ ಸಹಜ. ಎಡತುದಿಯ 5 ಅದರೊಳಗಿದೆ, ಬಲತುದಿಯ 48 ಅದನ್ನು ಮೀರಿದೆ. ಎರಡು ತುದಿಗೆ ವ್ಯತ್ಯಾಸ ಎಲ್ಲಿಂದ ಬಂತು ಎಂದು ನೋಡಲು ಗೋಡೆಯ ಬುಡದಲ್ಲಿ ಎರಡು ಗುಂಡಿ ತೋಡಿಸಲಾಯಿತು. ಎಡಗುಂಡಿಯಲ್ಲಿ ತಳಪಾಯ ಗಟ್ಟಿ ಜಂಬಿಟ್ಟಿಗೆಯ ಮೇಲೆ ಕೂತಿದೆ. ಬಲಗುಂಡಿಯಲ್ಲಿ ತಳಪಾಯದ ಕೆಳಗೆ ಸಿಕ್ಕಿದ್ದು ಇಟ್ಟಿಗೆ ಚೂರು, ಪ್ಲಾಸ್ಟಿಕ್ ಬೆರೆತ ಸಡಿಲ ಮಣ್ಣು. ಸಲಾಕೆ ಕೈಯ ಬಲಕ್ಕೇ ಒಳಹೋಗುತ್ತದೆ.

ಬಲತುದಿ ಕೂತು ಮುಂದಕ್ಕೆ ಮಾಲಿದರೆ ಬಿರುಕು ಓರೆಯಾಗಿ, ತಲೆಯಲ್ಲಿ ಅಗಲವಾಗಿ, ಎರಡು ಅಂಚು ಹಿಂದುಮುಂದಾಗಿ ಇರಬೇಕು. ಹಾಗೆಯೇ ಇದೆ. ಆದ್ದರಿಂದ ಆಕೆಯ ಅಭಿಪ್ರಾಯ ಹೀಗೆ ಬರುತ್ತದೆ: ಬಲಭಾಗದ ತಳಪಾಯ ತುಂಬುಮಣ್ಣಿನ ಮೇಲೆ ಕೂತದ್ದು ಬಿರುಕಿಗೆ ಪ್ರಧಾನ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಮಳೆಗಾಲದ ನೀರಿನ ಒತ್ತಡ ಅದನ್ನು ಹೆಚ್ಚಿಸಿರಬಹುದು. ಕಾವಲುಗಾರನ ಮಾತು, ನಿಂತ ತೂತು, ನೆಲದ ಇಳಿಜಾರು ಅದಕ್ಕೆ ಹೊಂದುತ್ತವೆ. ಆದರೆ ನೀರಿನ ಮಟ್ಟವನ್ನು ಅಳೆದಿಲ್ಲ. ಹಿಂಬದಿಯ ಕಂಬಿಯ ಕೊರತೆಯನ್ನು ತಳ್ಳಿಹಾಕಲು ಆಧಾರವಿಲ್ಲ. ಕಾರುಗಳ ಭಾರ ಮೂಲ ಕಾರಣವಲ್ಲ.

‘ಹೊಂದುತ್ತದೆ’ ಎಂಬುದು ‘ಸಾಬೀತಾಗಿದೆ’ ಎಂಬುದಕ್ಕಿಂತ ಬಹಳ ಕೆಳಗಿನ ಮೆಟ್ಟಿಲು. ವಕೀಲರು ಆ ಮೆಟ್ಟಿಲಿನಲ್ಲೇ ಕಾಯುತ್ತಿರುತ್ತಾರೆ. ಪರಿಣತರ ಅಭಿಪ್ರಾಯವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಪರಿಗಣಿಸಲು ಅವಕಾಶ ಕೊಡುವುದು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 39ನೇ ಕಲಂ. ಹಳೆಯ ಕಾಯ್ದೆಯಲ್ಲಿ ಅದು 45ನೇ ಕಲಮಾಗಿತ್ತು. ಅಲ್ಲಿಯೂ ಅದು ಅಭಿಪ್ರಾಯವೇ, ನ್ಯಾಯಾಧೀಶರು ಆಧಾರ ನೋಡಿ ಒಪ್ಪಬಹುದು ಅಥವಾ ಬಿಡಬಹುದು. ಮಾರ್ಚ್‌ನಲ್ಲಿ ಬಂದವರು ನೀರು ನೋಡಿದೆ ಎಂದು ಬರೆದಿದ್ದರೆ ಪಾಟೀಸವಾಲಿನ ಮೊದಲ ಪ್ರಶ್ನೆಗೇ ಇಡೀ ವರದಿ ಕೈಬಿಟ್ಟುಹೋಗುತ್ತದೆ. ಸರಿಯಾಗಿದ್ದ ಅಳತೆಗಳ ಮೇಲೂ ಆಗ ಅನುಮಾನ ಬೀಳುತ್ತದೆ.

ಕಾರಣ ಪೂರ್ತಿ ತಿಳಿಯುವವರೆಗೆ ಸುಮ್ಮನಿರಬೇಕೆಂದಲ್ಲ. ಯಾವ ಕಾರಣವೇ ನಿಜವಾದರೂ ನಷ್ಟವಾಗದ ಕೆಲಸಗಳಿವೆ. ಬಲಭಾಗದಲ್ಲಿ ಗೋಡೆಯ ಆಚೆಗೂ ಹೋಗುವಂತೆ ಹೊಸ ತೂತು ಕೊರೆಸುವುದು, ಮೇಲಿನ ನೆಲದ ಅಂಚಿಗೆ ಚರಂಡಿ ಮಾಡಿ ನೀರನ್ನು ಬೇರೆಡೆ ತಿರುಗಿಸುವುದು, ಗೋಡೆಯಿಂದ ಅದರ ಎತ್ತರದಷ್ಟು ದೂರದವರೆಗೆ ಕಾರು ನಿಲ್ಲಿಸದಿರುವುದು, ಕೆಳಗೆ ಆ ಭಾಗದಲ್ಲಿ ಮಕ್ಕಳು ಆಡದಂತೆ ಬೇಲಿ ಹಾಕುವುದು. ಬಿರುಕಿಗೆ ಎಪಾಕ್ಸಿ ತುಂಬಿಸುವುದನ್ನು ಮಾತ್ರ ಆಕೆ ತಡೆಯುತ್ತಾಳೆ. ತಳಪಾಯ ಇನ್ನೂ ಕೂರುತ್ತಿದ್ದರೆ ತುಂಬಿದ ಬಿರುಕಿನ ಪಕ್ಕದಲ್ಲೇ ಇನ್ನೊಂದು ಬಾಯಿ ತೆರೆಯುತ್ತದೆ. ಅಳೆಯಲು ಇದ್ದ ಗುರುತೂ ಹೋಗುತ್ತದೆ.

ಉಳಿದದ್ದನ್ನು ಮಳೆಗಾಲ ತೀರ್ಮಾನಿಸಬೇಕು. ಬಿರುಕಿನ ಎರಡೂ ಬದಿಗೆ ಅಂಟಿಸುವ ಟೆಲ್‌ಟೇಲ್ ಅಳತೆಪಟ್ಟಿ ಹಾಕಿ, ಗೋಡೆಯ ಹಿಂದೆ ಒಂದು ರಂಧ್ರ ಕೊರೆದು ನೀರಿನ ಮಟ್ಟ ಅಳೆಯುವ ತೂತುಕೊಳವೆ ಇಳಿಸಲಾಗುತ್ತದೆ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗಿ ಬಿರುಕು ಮಧ್ಯಾಹ್ನಕ್ಕೆ ಕಿರಿದಾಗುವುದರಿಂದ ಓದುವುದು ಯಾವಾಗಲೂ ಬೆಳಗಿನ ಒಂದೇ ಹೊತ್ತಿಗೆ. ಕೊಳವೆಯಲ್ಲಿ ನೀರು ಏರಿದ ವಾರಗಳಲ್ಲೇ ಬಿರುಕು ಅಗಲವಾದರೆ ನೀರಿನ ಪಾಲು ದೊಡ್ಡದು. ಆಗ ಚರಂಡಿ ಮತ್ತು ತೂತುಗಳಿಂದಲೇ ಬಹುಪಾಲು ಪರಿಹಾರ ಸಿಗಬಹುದು. ನೀರು ಏರದಿದ್ದರೂ ತಲೆ ಮುಂದೆ ಬರುತ್ತಲೇ ಇದ್ದರೆ ತಳಪಾಯದ ಕೆಳಗಿನ ಸಡಿಲ ಮಣ್ಣನ್ನು ಭಾಗಭಾಗವಾಗಿ ತೆಗೆದು, ಗಟ್ಟಿ ನೆಲದವರೆಗೆ ಕಾಂಕ್ರೀಟ್ ಇಳಿಸಬೇಕು. ಅದು ದುಬಾರಿ ಕೆಲಸ, ಮತ್ತು ಅದರ ಖರ್ಚು ಯಾರ ತಲೆಗೆ ಎಂಬ ಜಗಳ ಬೇರೆಯದೇ. ಅಕ್ಟೋಬರಿನಲ್ಲಿ ಆಕೆ ಪೂರಕ ವರದಿ ಬರೆಯುವಾಗ ಅವಲೋಕನದ ಅಧ್ಯಾಯದ ಹಳೆಯ ಸಾಲುಗಳು ಹಾಗೆಯೇ ಉಳಿದು, ಅವುಗಳ ಕೆಳಗೆ ಹೊಸ ಓದುಗಳು ಸೇರುತ್ತವೆ. ತಿದ್ದುಪಡಿಯಾಗುವುದು ಅಭಿಪ್ರಾಯದ ಅಧ್ಯಾಯ ಮಾತ್ರ.